ಎರಡು ಅಕ್ಷಗಳ ಒಂದು ನಕ್ಷೆಯನ್ನು ಬಿಚ್ಚಿ ಮತ್ತೆ ಕಟ್ಟಿದ ಬಗೆ

ಆ ಸೋಮವಾರ ಪಾವತಿ ದಾಖಲೆಗಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಡೇಟಾಬೇಸ್‌ಗೆ ಬಂದಿದ್ದವು. ಉಳಿದವು ದಾರಿಯಲ್ಲೆಲ್ಲೋ ನಿಂತಿದ್ದವು. ಹಾಗಾಗಿ ಹಿಂದಿನ ವಾರದ ಚಂದಾ ನವೀಕರಣ ಪ್ರಮಾಣ ಶೇ 40 ಎಂದು ದಾಖಲಾಯಿತು. ಸಾಮಾನ್ಯವಾಗಿ ಅದು ಶೇ 72ರ ಆಸುಪಾಸಿನಲ್ಲಿರುತ್ತದೆ. ಸಂಜೆಯ ಹೊತ್ತಿಗೆ ಉಳಿದ ದಾಖಲೆಗಳೂ ಬಂದು ಅಂಕಿ ಸರಿಹೋಯಿತು. ದತ್ತಾಂಶದ ಮಟ್ಟಿಗೆ ತೊಂದರೆ ಅಲ್ಲಿಗೆ ಮುಗಿಯಿತು.

ಆದರೆ ಆ ಕೆಲವು ಗಂಟೆಗಳಲ್ಲಿ ಡ್ಯಾಶ್‌ಬೋರ್ಡಿನ ಮುಖ್ಯ ನಕ್ಷೆಯಲ್ಲಿ ನಡೆದ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಆ ಪ್ರಮಾಣವನ್ನು ತೋರಿಸುವ ಕೆಂಪು ಗೆರೆ ಕೊನೆಯ ವಾರದಲ್ಲಿ ಕೆಳಗೆ ಬಿದ್ದದ್ದು ಸಹಜ. ಅದರ ಜೊತೆಗೆ ಹಿಂದಿನ ಆರು ತಿಂಗಳ ಕೆಂಪು ಗೆರೆಯೂ ಚಪ್ಪಟೆಯಾಗಿ ಮೇಲಂಚಿಗೆ ಹತ್ತಿಕೊಂಡಿತ್ತು. ಬೆಳಿಗ್ಗೆಯವರೆಗೂ ಎಡ ಮೂಲೆಯಿಂದ ಬಲ ಮೂಲೆಗೆ ಏರುತ್ತಿದ್ದ ಗೆರೆ ಅದು. ಹಳೆಯ ವಾರಗಳ ಒಂದು ಅಂಕಿಯೂ ಬದಲಾಗಿರಲಿಲ್ಲ, ಆದರೂ ಅವು ಹೇಳುತ್ತಿದ್ದ ಕಥೆ ಬದಲಾಗಿತ್ತು. ಸಂಜೆ ಅಂಕಿ ಸರಿಯಾದೊಡನೆ ಗೆರೆ ಮತ್ತೆ ಏರುಗತಿಗೆ ಮರಳಿತು. ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋದರು. ನಾನು ಆ ನಕ್ಷೆಯ ಕೋಡ್ ತೆರೆದು ಕುಳಿತೆ.

ನಕ್ಷೆಯಲ್ಲಿ ಏನಿತ್ತು

ನಮ್ಮದು ವಾರ್ಷಿಕ ಚಂದಾ ಮೇಲೆ ನಡೆಯುವ ಸೇವೆ. ಚಂದಾದಾರರು ಸುಮಾರು 20 ಲಕ್ಷ. ಪ್ರತಿ ವಾರ ಸುಮಾರು 40,000 ಜನರ ಚಂದಾ ಅವಧಿ ಮುಗಿಯುತ್ತದೆ, ಅವರಲ್ಲಿ ಎಷ್ಟು ಜನ ಮತ್ತೆ ಹಣ ಕಟ್ಟಿದರು ಎಂಬುದೇ ನವೀಕರಣ ಪ್ರಮಾಣ. ಅವಧಿ ಮುಗಿಯುವ ಮುಂಚಿನ ತಿಂಗಳಲ್ಲಿ ಅವರಿಗೆ ನೆನಪಿನ ಸಂದೇಶಗಳು ಹೋಗುತ್ತವೆ.

ನಕ್ಷೆಯ ಎಡ ಅಕ್ಷದಲ್ಲಿ ವಾರಕ್ಕೆ ಕಳುಹಿಸಿದ ಸಂದೇಶಗಳ ಸಂಖ್ಯೆ ನೀಲಿ ಗೆರೆಯಲ್ಲಿತ್ತು, ಬಲ ಅಕ್ಷದಲ್ಲಿ ನವೀಕರಣ ಪ್ರಮಾಣ ಕೆಂಪು ಗೆರೆಯಲ್ಲಿತ್ತು. ಇಪ್ಪತ್ತಾರು ವಾರಗಳಲ್ಲಿ ಸಂದೇಶಗಳು 80,000ದಿಂದ 2,40,000ಕ್ಕೆ ಏರಿದ್ದವು, ಅಂದರೆ ಒಬ್ಬರಿಗೆ ಎರಡು ಹೋಗುತ್ತಿದ್ದದ್ದು ಆರಾಗಿತ್ತು. ನವೀಕರಣ ಪ್ರಮಾಣ ಸುಮಾರು ಶೇ 71.2ರಿಂದ ಶೇ 72.8ಕ್ಕೆ ಬಂದಿತ್ತು. ಎರಡು ಗೆರೆಗಳೂ ಒಂದನ್ನೊಂದು ಬಳಸಿಕೊಂಡು ಜೊತೆಯಾಗಿ ಮೇಲೇರುತ್ತಿದ್ದವು. ಪ್ರತಿ ತಿಂಗಳ ಸಭೆಯಲ್ಲೂ ಇದೇ ನಕ್ಷೆ ಪರದೆಯ ಮೇಲೆ ಬರುತ್ತಿತ್ತು, ಮತ್ತು ಪ್ರತಿ ಬಾರಿಯೂ ಸಂದೇಶಗಳನ್ನು ಇನ್ನೊಂದು ಹೆಚ್ಚಿಸುವ ತೀರ್ಮಾನಕ್ಕೆ ಅದೇ ಆಧಾರವಾಗುತ್ತಿತ್ತು. ಒಂದು ತಿಂಗಳು ಕೆಂಪು ಗೆರೆ ನೀಲಿಯನ್ನು ದಾಟಿ ಮೇಲೆ ಹೋದಾಗ, "ಪ್ರಯತ್ನಕ್ಕಿಂತ ಫಲವೇ ಹೆಚ್ಚಾಗಿದೆ" ಎಂದು ವರದಿಯಲ್ಲಿ ಬರೆಯಲಾಗಿತ್ತು.

ನಕ್ಷೆಯನ್ನು ಬರೆದ ಸಹೋದ್ಯೋಗಿ ಬೇರೆ ವಿಭಾಗಕ್ಕೆ ಹೋಗಿ ಬಹಳ ಕಾಲವಾಗಿತ್ತು. ಕೋಡಿನ ತಿರುಳು ಇಷ್ಟೇ:

```python
s = d["sent"].rolling(6).mean()
r = d["renew"].rolling(6).mean()
ax.plot(d["week"], s, color="tab:blue")
ax2 = ax.twinx()
ax2.plot(d["week"], r, color="tab:red")
```

ಇದರಲ್ಲಿ ಕಪಟವೇನೂ ಇಲ್ಲ. ಯಾರೇ ಬರೆದರೂ ಮೊದಲ ಸಲ ಹೀಗೆಯೇ ಬರೆಯುತ್ತಾರೆ. ತೊಂದರೆ ಇರುವುದು ಬರೆಯದೆ ಬಿಟ್ಟ ಸಾಲುಗಳಲ್ಲಿ. ಎರಡೂ ಅಕ್ಷಗಳ ಮೇಲಿನ ಮತ್ತು ಕೆಳಗಿನ ಮಿತಿಯನ್ನು ಯಾರೂ ಹೇಳಿಲ್ಲ. ಆಗ ಮ್ಯಾಟ್‌ಪ್ಲಾಟ್‌ಲಿಬ್ ತಾನೇ ನಿರ್ಧರಿಸುತ್ತದೆ: ಪ್ರತಿ ಗೆರೆಯ ಕನಿಷ್ಠ ಮತ್ತು ಗರಿಷ್ಠ ಬೆಲೆಗಳನ್ನು ನೋಡಿ, ಆಚೀಚೆ ಶೇ 5ರಷ್ಟು ಅಂಚು ಬಿಟ್ಟು, ಉಳಿದ ಎತ್ತರವನ್ನೆಲ್ಲ ಆ ಗೆರೆಗೆ ಕೊಡುತ್ತದೆ. ಎಡ ಅಕ್ಷ ಮತ್ತು ಬಲ ಅಕ್ಷಗಳಿಗೆ ಇದನ್ನು ಬೇರೆ ಬೇರೆಯಾಗಿ ಮಾಡುತ್ತದೆ.

ಇದರ ಪರಿಣಾಮವನ್ನು ಕಾಗದದ ಮೇಲೆ ಬರೆದುಕೊಂಡರೆ ಎಲ್ಲವೂ ಸ್ಪಷ್ಟವಾಗುತ್ತದೆ. ಗೆರೆಯ ಮೇಲಿನ ಒಂದು ಬಿಂದು ಎಷ್ಟು ಎತ್ತರದಲ್ಲಿದೆ ಎಂಬುದು `(x - min) / (max - min)` ಎಂಬ ಲೆಕ್ಕದಿಂದ ಬರುತ್ತದೆ. ಸಂದೇಶ ಮೂರು ಪಟ್ಟಾದರೂ ಅದು ತಳದಿಂದ ತುದಿಗೆ ಹೋಗುತ್ತದೆ, ನವೀಕರಣ ಒಂದೂವರೆ ಅಂಶ ಏರಿದರೂ ತಳದಿಂದ ತುದಿಗೇ ಹೋಗುತ್ತದೆ. ಎಷ್ಟು ಏರಿತು ಎಂಬ ಮಾಹಿತಿಯನ್ನು ನಕ್ಷೆ ಗೆರೆಗಳಿಂದ ತೆಗೆದು ಅಂಚಿನ ಸಣ್ಣ ಅಂಕಿಗಳಿಗೆ ತಳ್ಳಿಬಿಟ್ಟಿದೆ. ಗೆರೆಗಳಲ್ಲಿ ಉಳಿದಿರುವುದು ದಿಕ್ಕು ಮಾತ್ರ. ಒಟ್ಟಾರೆಯಾಗಿ ಏರುವ ಯಾವ ಎರಡು ಸಂಗತಿಗಳನ್ನು ಹೀಗೆ ಬರೆದರೂ ಅವು ಜೊತೆಯಾಗಿಯೇ ಏರುವಂತೆ ಕಾಣುತ್ತವೆ.

ಸೋಮವಾರದ ವಿಚಿತ್ರಕ್ಕೂ ಇದೇ ಕಾರಣ. ಆರು ವಾರಗಳ ಸರಾಸರಿಯಲ್ಲಿ ಒಂದು ವಾರ ಶೇ 40 ಸೇರಿದಾಗ ಕೊನೆಯ ಬಿಂದು ಸುಮಾರು 67.3ಕ್ಕೆ ಇಳಿಯಿತು. ಬಲ ಅಕ್ಷ 67ರಿಂದ 73ರವರೆಗೆ ಹಿಗ್ಗಿತು. ಆಗ ಆರು ತಿಂಗಳ ಇಡೀ ಏರಿಕೆಗೆ ದೊರೆತದ್ದು ಎತ್ತರದ ಕಾಲು ಭಾಗ ಮಾತ್ರ.

ಮೊದಲು ಬಲ ಅಕ್ಷವನ್ನು ಅಲುಗಾಡಿಸಿ ನೋಡಿದೆ

ನನ್ನ ಅನುಮಾನ ಸರಿಯೇ ಎಂದು ತಿಳಿಯಲು ದತ್ತಾಂಶವನ್ನು ಮುಟ್ಟದೆ ಬಲ ಅಕ್ಷದ ಮಿತಿಗಳನ್ನಷ್ಟೇ ಬದಲಾಯಿಸಿದೆ. ಕೆಳಮಿತಿಯನ್ನು 70 ಮಾಡಿದಾಗ ಕೆಂಪು ಗೆರೆ ಮೊದಲ ವಾರದಿಂದ ಕೊನೆಯವರೆಗೂ ನೀಲಿಯ ಮೇಲೆಯೇ ಉಳಿಯಿತು, ಎಲ್ಲಿಯೂ ದಾಟಲಿಲ್ಲ. 71ರಿಂದ 74 ಎಂದಾಗ ನೀಲಿ ಬೇಗನೆ ಮೇಲೇರಿ ಕೆಂಪನ್ನು ಹಿಂದೆ ಹಾಕಿತು. 0ಯಿಂದ 100 ಎಂದಾಗ ಕೆಂಪು ಗೆರೆ ಮಲಗಿಬಿಟ್ಟಿತು. ವರದಿಯಲ್ಲಿ ಸಂಭ್ರಮಿಸಿದ್ದ ಆ ದಾಟುವಿಕೆಗೆ ಅರ್ಥವೇ ಇರಲಿಲ್ಲ. ಒಂದು ಗೆರೆಯ ಅಳತೆ ಸಂದೇಶಗಳ ಸಂಖ್ಯೆ, ಇನ್ನೊಂದರದು ಶೇಕಡಾವಾರು. ಅವೆರಡೂ ಸಮನಾಗುವ ಬಿಂದು ಎಂಬುದು ಲೋಕದಲ್ಲಿ ಎಲ್ಲಿಯೂ ಇಲ್ಲ, ಅದು ಪರದೆಯ ಮೇಲೆ ಮಾತ್ರ ಇದೆ.

ಎರಡನೆಯ ಪರೀಕ್ಷೆಯಾಗಿ ಸಂದೇಶಗಳ ಅಂಕಣವನ್ನು ತೆಗೆದು ಅದರ ಜಾಗದಲ್ಲಿ ವಾರದ ಕ್ರಮಸಂಖ್ಯೆಯನ್ನು ಹಾಕಿದೆ: 1, 2, 3 ಎಂದು 26ರವರೆಗೆ. ನಕ್ಷೆ ಹೆಚ್ಚುಕಡಿಮೆ ಮೊದಲಿನಂತೆಯೇ ಕಂಡಿತು. ಇದನ್ನು ನೋಡಿದ ಮೇಲೆ ನನಗೆ ಸಂಶಯ ಉಳಿಯಲಿಲ್ಲ. ವಾರ ಎಣಿಸುವುದರಿಂದ ಜನ ಚಂದಾ ನವೀಕರಿಸುವುದಿಲ್ಲ.

ಸರಾಸರಿಯ ಹೊದಿಕೆ ತೆಗೆದಾಗ

ಆರು ವಾರಗಳ ಚಲಿಸುವ ಸರಾಸರಿಯನ್ನು ತೆಗೆದು ಕಚ್ಚಾ ಅಂಕಿಗಳನ್ನೇ ಬರೆದಾಗ ನೀಲಿ ಗೆರೆಯ ನಿಜವಾದ ಆಕಾರ ಹೊರಬಿತ್ತು. ಅದು ಇಳಿಜಾರಾಗಿರಲಿಲ್ಲ, ಮೆಟ್ಟಿಲುಗಳಾಗಿತ್ತು. ನಾವು ಸಂದೇಶಗಳನ್ನು ಹೆಚ್ಚಿಸಿದ್ದು ತೀರ್ಮಾನದ ಮೂಲಕ, ಒಂದೊಂದೇ: ಎರಡರಿಂದ ಮೂರು, ಮೂರರಿಂದ ನಾಲ್ಕು, ಹೀಗೆ ನಾಲ್ಕು ಬಾರಿ. ಪ್ರತಿ ಮೆಟ್ಟಿಲಿನಲ್ಲೂ ವಾರದ ಸಂಖ್ಯೆ ಒಮ್ಮೆಗೇ 40,000ದಷ್ಟು ಜಿಗಿದಿದೆ. ಇಷ್ಟು ಒಳ್ಳೆಯ ಸಾಕ್ಷ್ಯವನ್ನು ಸರಾಸರಿಯೊಂದು ಉಜ್ಜಿ ನುಣುಪು ಮಾಡಿತ್ತು. ಅಂಕುಡೊಂಕು ಕಾಣಬಾರದೆಂದು ಸರಾಸರಿ ಹಾಕುವ ಅಭ್ಯಾಸ ನನಗೆ ಎಂದೂ ಹಿಡಿಸಿಲ್ಲ, ಏಕೆಂದರೆ ಎಷ್ಟೋ ಸಲ ಬೇಕಾದ ಉತ್ತರ ಆ ಅಂಕುಡೊಂಕಿನಲ್ಲೇ ಇರುತ್ತದೆ.

ಸಂದೇಶಗಳೇ ನವೀಕರಣವನ್ನು ಎತ್ತುತ್ತಿದ್ದರೆ, ಮೆಟ್ಟಿಲಿನ ನಂತರದ ಕೆಲವು ವಾರಗಳಲ್ಲಿ ಕೆಂಪು ಗೆರೆಯೂ ಒಂದು ಹೆಜ್ಜೆ ಮೇಲೇರಬೇಕು, ಮೆಟ್ಟಿಲುಗಳ ನಡುವೆ ಸಮತಟ್ಟಾಗಿರಬೇಕು. ಅಂಥದ್ದೇನೂ ಇರಲಿಲ್ಲ. ಕೆಂಪು ಗೆರೆ ಸಣ್ಣ ಕಂಪನಗಳೊಂದಿಗೆ ಒಂದೇ ಹದದಲ್ಲಿ ಏರುತ್ತಿತ್ತು, ಮೊದಲ ಮೆಟ್ಟಿಲಿಗಿಂತ ಮುಂಚಿನ ವಾರಗಳಲ್ಲೂ ಏರುತ್ತಲೇ ಇತ್ತು. ಆ ಕಂಪನಗಳ ಗಾತ್ರವೂ ಲೆಕ್ಕಕ್ಕೆ ಸರಿಹೊಂದುತ್ತಿತ್ತು. 40,000 ಜನರಲ್ಲಿ ಶೇ 71 ಜನ ನವೀಕರಿಸುವಾಗ, ಆಕಸ್ಮಿಕದಿಂದಲೇ ವಾರದಿಂದ ವಾರಕ್ಕೆ ಕಾಲು ಅಂಶದಷ್ಟು ಪ್ರಮಾಣಿತ ವಿಚಲನ ಇದ್ದೇ ಇರುತ್ತದೆ.

ಕಣ್ಣಿಗೆ ಕಂಡದ್ದನ್ನು ಅಂಕಿಯಲ್ಲೂ ನೋಡಿದೆ:

```python
d[["sent", "renew"]].corr()
d[["sent", "renew"]].diff().corr()
```

ಮೊದಲ ಸಾಲು ಎರಡು ಅಂಕಣಗಳ ಸಹಸಂಬಂಧ 0.86 ಎಂದಿತು. ಎರಡನೆಯ ಸಾಲು ಪ್ರತಿ ವಾರದ ಬೆಲೆಯಿಂದ ಹಿಂದಿನ ವಾರದ ಬೆಲೆಯನ್ನು ಕಳೆದು, ಆ ವ್ಯತ್ಯಾಸಗಳ ನಡುವೆ ಸಂಬಂಧ ಹುಡುಕುತ್ತದೆ. ಅಲ್ಲಿ ಬಂದದ್ದು 0.04. ವಾರದ ಕ್ರಮಸಂಖ್ಯೆಗೂ ನವೀಕರಣಕ್ಕೂ ಇರುವ ಸಹಸಂಬಂಧ 0.89, ಅದು ಸಂದೇಶಗಳದ್ದಕ್ಕಿಂತಲೂ ಹೆಚ್ಚು! ವ್ಯತ್ಯಾಸಗಳ ಪರೀಕ್ಷೆಗೂ ಮಿತಿಯಿದೆ. ಪರಿಣಾಮ ಕೆಲವು ವಾರ ತಡವಾಗಿ ಬರುವಂತಿದ್ದರೆ ಅದು ಇಲ್ಲಿ ತಪ್ಪಿಹೋಗುತ್ತದೆ. ಹಾಗಾಗಿ ಒಂದರಿಂದ ನಾಲ್ಕು ವಾರಗಳವರೆಗೆ ಸರಿಸಿಯೂ ನೋಡಿದೆ. ಎಲ್ಲಿಯೂ ಗಣನೀಯವಾದದ್ದು ಸಿಗಲಿಲ್ಲ.

ಕಾಲದೊಂದಿಗೆ ಏರುವ ಅಥವಾ ಇಳಿಯುವ ಎರಡು ಸರಣಿಗಳ ನಡುವೆ ಹೀಗೆ ಪೊಳ್ಳು ಸಂಬಂಧ ಹುಟ್ಟುವುದನ್ನು ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಉಡ್ನಿ ಯೂಲ್ 1926ರಲ್ಲೇ ವಿವರಿಸಿದ್ದರು. 1866ರಿಂದ 1911ರವರೆಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಚರ್ಚ್ ಆಫ್ ಇಂಗ್ಲೆಂಡ್ ವಿಧಿಯಂತೆ ನಡೆದ ಮದುವೆಗಳ ಪಾಲೂ ಇಳಿಯುತ್ತಿತ್ತು, ಮರಣ ಪ್ರಮಾಣವೂ ಇಳಿಯುತ್ತಿತ್ತು. ಅವೆರಡರ ಸಹಸಂಬಂಧ 0.95. ನಮ್ಮ ನಕ್ಷೆ ಅದೇ ಬಲೆಯನ್ನು ಬಣ್ಣಗಳಲ್ಲಿ ಬಿಡಿಸಿತ್ತು.

ಹಾಗಾದರೆ 1.6 ಎಲ್ಲಿಂದ ಬಂತು

ಸಂದೇಶ ತಂಡದ ಮುಖ್ಯಸ್ಥೆಗೆ ಮೊದಲು ತೋರಿಸಿದೆ. ಆರು ಸಂದೇಶಗಳ ಯೋಜನೆಯನ್ನು ಶ್ರಮಪಟ್ಟು ಕಟ್ಟಿದವರು ಅವರೇ, ಸಭೆಯಲ್ಲಿ ಎಲ್ಲರ ಮುಂದೆ ಮೊದಲ ಬಾರಿ ಕೇಳುವಂತಾಗಬಾರದು ಎನಿಸಿತು. ಅವರು ಮೂರು ಮಿತಿಗಳಲ್ಲಿ ಬರೆದ ಮೂರು ನಕ್ಷೆಗಳನ್ನೂ ಬಹಳ ಹೊತ್ತು ನೋಡಿದರು.

"ಅಂದರೆ ಇಷ್ಟು ತಿಂಗಳು ನಾವು ನೋಡಿದ್ದು ಸುಳ್ಳೇ?" ಎಂದು ಕೇಳಿದರು.

"ಅಂಕಿಗಳು ನಿಜ ಮೇಡಂ. ಗೆರೆಗಳ ನಡುವಿನ ಅಂತರ, ಅವು ಸೇರುವ ಜಾಗ, ಇಳಿಜಾರುಗಳ ಹೋಲಿಕೆ, ಇವು ಮಾತ್ರ ಅಕ್ಷದ ಆಯ್ಕೆಯಿಂದ ಬಂದವು."

"ಆದರೂ 71.2 ಇದ್ದದ್ದು 72.8 ಆಗಿದೆ. ಇಪ್ಪತ್ತು ಲಕ್ಷ ಜನರ ಮೇಲೆ ಅದು ವರ್ಷಕ್ಕೆ 32,000 ಜನ. ಅದನ್ನು ಏನೂ ಇಲ್ಲ ಎನ್ನುತ್ತೀರಾ?"

ಅವರ ಪ್ರಶ್ನೆ ನ್ಯಾಯವಾದದ್ದು. 0ಯಿಂದ 100ರ ಅಕ್ಷದಲ್ಲಿ ಗೆರೆಯನ್ನು ಮಲಗಿಸಿ, ನೋಡಿ ಏನೂ ಆಗಿಲ್ಲ ಎಂದು ಹೇಳುವುದೂ ಅಷ್ಟೇ ದೊಡ್ಡ ಮೋಸ. ಏರಿಕೆ ನಿಜವಾದದ್ದು, ಅದಕ್ಕೆ ಒಂದು ಕಾರಣ ಬೇಕು. ಇದನ್ನು ಹುಡುಕಿದ್ದೇ ಈ ಇಡೀ ದುರಸ್ತಿಯಲ್ಲಿ ಹೆಚ್ಚು ಸಮಯ ತೆಗೆದುಕೊಂಡ ಕೆಲಸ.

ನವೀಕರಣ ಪ್ರಮಾಣವನ್ನು ಪ್ರದೇಶ, ಪಾವತಿ ವಿಧಾನ, ಮೊಬೈಲ್ ಅಥವಾ ಕಂಪ್ಯೂಟರ್ ಎಂದು ಒಡೆದು ನೋಡಿದೆ. ಎಲ್ಲ ತುಂಡುಗಳೂ ಸ್ವಲ್ಪ ಸ್ವಲ್ಪ ಏರುತ್ತಿದ್ದವು, ಹಾಗಾಗಿ ಅವು ಏನನ್ನೂ ಹೇಳಲಿಲ್ಲ. ಚಂದಾದಾರರನ್ನು ಎಷ್ಟನೆಯ ನವೀಕರಣ ಎಂಬುದರ ಮೇಲೆ ಒಡೆದಾಗ ಬಾಗಿಲು ತೆರೆಯಿತು. ಮೊದಲ ವರ್ಷ ಮುಗಿಸಿ ಮೊದಲ ಬಾರಿ ನವೀಕರಿಸಬೇಕಾದವರಲ್ಲಿ ಶೇ 60 ಜನ ಉಳಿಯುತ್ತಾರೆ. ಒಮ್ಮೆಯಾದರೂ ನವೀಕರಿಸಿದ ಹಳಬರಲ್ಲಿ ಶೇ 80 ಜನ ಉಳಿಯುತ್ತಾರೆ. ಇಪ್ಪತ್ತಾರು ವಾರಗಳಲ್ಲಿ ಈ ಎರಡು ಅಂಕಿಗಳೂ ತಮ್ಮ ಜಾಗದಿಂದ ಕದಲಿರಲಿಲ್ಲ. ಹೊಸಬರದು 60ರ ಆಚೀಚೆ ಮುಕ್ಕಾಲು ಅಂಶ, ಹಳಬರದು 80ರ ಆಚೀಚೆ ಅರ್ಧ ಅಂಶ ಅಲುಗಾಡುತ್ತಿತ್ತು, ಅಷ್ಟೇ. ಅಷ್ಟು ಅಲುಗಾಟ ಆ ಗುಂಪುಗಳ ಗಾತ್ರಕ್ಕೆ ಸಹಜವಾದದ್ದು.

ಬದಲಾದದ್ದು ಮಿಶ್ರಣ. ಮೊದಲ ವಾರದಲ್ಲಿ ಹಳಬರ ಪಾಲು ಶೇ 56, ಹೊಸಬರದು ಶೇ 44. ಕೊನೆಯ ವಾರದಲ್ಲಿ ಹಳಬರು ಶೇ 64, ಹೊಸಬರು ಶೇ 36. ಲೆಕ್ಕ ಹಾಕಿ ನೋಡಿ: 0.56 × 80 + 0.44 × 60 ಎಂದರೆ 71.2. 0.64 × 80 + 0.36 × 60 ಎಂದರೆ 72.8. ಏರಿಕೆಯ ಒಂದು ಹನಿಯೂ ಉಳಿಯದಂತೆ ಇಡೀ 1.6 ಇದರಲ್ಲೇ ಮುಗಿಯಿತು.

ಹೊಸಬರ ಪಾಲು ಏಕೆ ಕುಗ್ಗಿತು ಎಂಬುದಕ್ಕೆ ಉತ್ತರ ಒಂದು ವರ್ಷ ಹಿಂದಿತ್ತು. ಆಗ ಜಾಹೀರಾತಿನ ಖರ್ಚನ್ನು ಹಂತ ಹಂತವಾಗಿ ಇಳಿಸಲಾಗಿತ್ತು, ಹೊಸ ಚಂದಾದಾರರ ಸೇರ್ಪಡೆಯೂ ವಾರದಿಂದ ವಾರಕ್ಕೆ ಕಡಿಮೆಯಾಗಿತ್ತು. ಚಂದಾ ವಾರ್ಷಿಕವಾದ್ದರಿಂದ ಆ ಕೊರತೆ ನವೀಕರಣದ ಬಾಗಿಲಿಗೆ ಬಂದು ಮುಟ್ಟಲು ಸರಿಯಾಗಿ ಒಂದು ವರ್ಷ ಹಿಡಿಯಿತು. ಅಂದರೆ ನಾವು ಆರು ತಿಂಗಳು ಶುಭ ಸೂಚನೆ ಎಂದು ನೋಡುತ್ತಿದ್ದ ಕೆಂಪು ಗೆರೆ, ಹೊಸ ಜನ ಬರುವುದು ಕಡಿಮೆಯಾಗಿದೆ ಎಂಬುದನ್ನು ತಡವಾಗಿ ತಿಳಿಸುತ್ತಿತ್ತು.

ಹೊಸ ನಕ್ಷೆ

ಮೊದಲು ಎರಡೂ ಸರಣಿಗಳನ್ನು ಸೂಚ್ಯಂಕವಾಗಿ ಬರೆದೆ, ಮೊದಲ ವಾರ 100 ಎಂದು. ಸಂದೇಶ 300ಕ್ಕೆ ಹೋಯಿತು, ನವೀಕರಣ 102ರ ಹತ್ತಿರ ನಿಂತಿತು. ಪ್ರಾಮಾಣಿಕವಾದ ಚಿತ್ರವೇ. ಆದರೆ ಆಧಾರ ವಾರವಾಗಿ ಯಾವುದನ್ನು ಆರಿಸುತ್ತೇವೆ ಎಂಬುದರ ಮೇಲೆ ಅದೂ ಬದಲಾಗುತ್ತದೆ. ಜೊತೆಗೆ, ಶೇ 102 ಎಂಬ ನವೀಕರಣ ಯಾವುದು ಎಂದು ಸಭೆಯಲ್ಲಿ ವಿವರಿಸುತ್ತ ಕೂರಬೇಕಾಗುತ್ತದೆ. ಬಿಟ್ಟೆ.

ಕೊನೆಗೆ ಉಳಿದದ್ದು ಒಂದರ ಕೆಳಗೊಂದು ಮೂರು ಪಟ್ಟಿಗಳು. ವಾರಗಳ ಅಕ್ಷ ಮಾತ್ರ ಮೂರಕ್ಕೂ ಒಂದೇ:

```python
fig, (a, b, c) = plt.subplots(3, 1, sharex=True)
a.step(d["week"], d["sent"], where="mid")
b.plot(d["week"], d["renew_first"])
b.plot(d["week"], d["renew_old"])
c.plot(d["week"], d["share_old"])
a.set_ylim(0, 300000)
b.set_ylim(50, 90)
c.set_ylim(40, 80)
```

ಮೇಲಿನ ಪಟ್ಟಿಯಲ್ಲಿ ಸಂದೇಶಗಳು ಮೆಟ್ಟಿಲುಗಳಾಗಿಯೇ ಕಾಣುತ್ತವೆ. ನಡುವಿನದರಲ್ಲಿ ಹೊಸಬರ ಮತ್ತು ಹಳಬರ ನವೀಕರಣ ಒಂದೇ ಅಳತೆಯಲ್ಲಿ, ಏಕೆಂದರೆ ಅವೆರಡರ ಘಟಕ ಒಂದೇ. ಕೆಳಗಿನದರಲ್ಲಿ ಹಳಬರ ಪಾಲು. ಸರಾಸರಿಯನ್ನು ತೆಗೆದಿದ್ದೇನೆ, ಮಿತಿಗಳನ್ನು ಕೈಯಾರೆ ಬರೆದಿದ್ದೇನೆ. ಮಿತಿ ಬರೆದಿಟ್ಟರೆ ಒಂದು ವಾರದ ಕೆಟ್ಟ ದತ್ತಾಂಶ ಹಳೆಯ ವಾರಗಳ ಆಕಾರವನ್ನು ಬದಲಾಯಿಸಲಾರದು, ಮತ್ತು ಈ ತಿಂಗಳ ನಕ್ಷೆಯನ್ನು ಹೋದ ತಿಂಗಳದ್ದರ ಪಕ್ಕದಲ್ಲಿಟ್ಟು ನೋಡಬಹುದು. ಬೆಲೆ ಮಿತಿಯಿಂದ ಹೊರಹೋದರೆ ಗೆರೆ ಕಾಣೆಯಾಗುವ ಅಪಾಯವಿದೆ, ಅದಕ್ಕಾಗಿ ಅಂಥ ವಾರ ಬಂದರೆ ನಕ್ಷೆಯ ಮೇಲೆ ಎಚ್ಚರಿಕೆ ಬರೆಯುವ ಎರಡು ಸಾಲು ಸೇರಿಸಿದೆ.

ಸಭೆಯಲ್ಲಿ, ಮತ್ತು ನಂತರ

ವ್ಯವಸ್ಥಾಪಕರು ಕೇಳಿದ ಒಂದೇ ಪ್ರಶ್ನೆ: "ಹಾಗಾದರೆ ಸಂದೇಶಗಳಿಂದ ಏನೂ ಉಪಯೋಗವಿಲ್ಲ ಎಂದು ಈಗ ಖಚಿತವಾಗಿ ಹೇಳಬಹುದೇ?"

"ಇಲ್ಲ ಸರ್. ಸಂದೇಶಗಳು ಎತ್ತುತ್ತಿರುವಾಗ ಬೇರೇನೋ ಅಷ್ಟೇ ಪ್ರಮಾಣದಲ್ಲಿ ಕೆಳಗೆ ಎಳೆಯುತ್ತಿದ್ದಿರಬಹುದು. ಹಳೆಯ ದಾಖಲೆಗಳಿಂದ ಅದನ್ನು ಬೇರ್ಪಡಿಸಲಾಗದು. ಜನರನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ ನೋಡಬೇಕು."

ಪರೀಕ್ಷೆಯನ್ನು ರೂಪಿಸಿದವರು ಸಂದೇಶ ತಂಡದ ಮುಖ್ಯಸ್ಥೆಯೇ. ನಾಲ್ಕು ವಾರಗಳಲ್ಲಿ ಅವಧಿ ಮುಗಿಯುವ ಎಲ್ಲರನ್ನೂ ಎರಡು ಪಾಲು ಮಾಡಿ, ಒಂದು ಗುಂಪಿಗೆ ಎರಡು ಸಂದೇಶ, ಇನ್ನೊಂದಕ್ಕೆ ಆರು. ಗುಂಪಿಗೆ 80,000 ಜನ. ಇಷ್ಟು ಜನರಿದ್ದರೆ ಎರಡು ಗುಂಪುಗಳ ವ್ಯತ್ಯಾಸವನ್ನು ಶೇ 95ರ ಭರವಸೆಯಲ್ಲಿ ಸುಮಾರು 0.45 ಅಂಶದ ಆಚೀಚೆ ಹಿಡಿಯಬಹುದು. ಒಂದೂವರೆ ಅಂಶದ ಪರಿಣಾಮ ಇದ್ದರೆ ತಪ್ಪಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ. ಆರು ಸಂದೇಶಗಳ ಗುಂಪಿನಲ್ಲಿ ಶೇ 72.6 ಜನ ನವೀಕರಿಸಿದರು, ಎರಡು ಸಂದೇಶಗಳ ಗುಂಪಿನಲ್ಲಿ ಶೇ 72.8. ವ್ಯತ್ಯಾಸ ಅಳತೆಯ ತಪ್ಪಿನೊಳಗೇ ಇದೆ. ಆದರೆ ಸಂದೇಶಗಳನ್ನೇ ನಿಲ್ಲಿಸಿಬಿಟ್ಟವರು ಎರಡರ ಗುಂಪಿನಲ್ಲಿ 880, ಆರರ ಗುಂಪಿನಲ್ಲಿ 3,680. ಈ ಅಂಕಿ ಹಳೆಯ ನಕ್ಷೆಯಲ್ಲಿ ಎಂದೂ ಇರಲಿಲ್ಲ. ಸಂದೇಶಗಳನ್ನು ಮತ್ತೆ ಎರಡಕ್ಕೆ ಇಳಿಸಲಾಯಿತು.

ಉಳಿದ ಡ್ಯಾಶ್‌ಬೋರ್ಡುಗಳಲ್ಲಿ ಹೀಗೆಯೇ ಇರುವ ನಕ್ಷೆಗಳನ್ನು ಹುಡುಕಲು ಒಂದು ಸಾಲು ಸಾಕಾಯಿತು:

```
grep -rn "twinx" dashboards/
```

ಹನ್ನೊಂದು ಸಿಕ್ಕವು. ಅವುಗಳಲ್ಲಿ ಒಂದನ್ನು ಹಾಗೆಯೇ ಉಳಿಸಬಹುದು: ಸರ್ವರ್ ಕೋಣೆಯ ತಾಪಮಾನ, ಎಡಗಡೆ ಸೆಲ್ಸಿಯಸ್, ಬಲಗಡೆ ಫ್ಯಾರನ್‌ಹೀಟ್. ಅಲ್ಲಿ ಗೆರೆ ಒಂದೇ, ಎರಡು ಅಕ್ಷಗಳ ನಡುವೆ ಬದಲಾಗದ ಸೂತ್ರವಿದೆ. ಆದರೂ ಅದನ್ನು `secondary_yaxis` ಬಳಸಿ ಬರೆದರೆ ಸೂತ್ರ ಕೋಡಿನಲ್ಲೇ ಇರುತ್ತದೆ, ಎರಡು ಅಳತೆಗಳು ಬೇರೆ ಬೇರೆಯಾಗಿ ಸರಿಯುವ ಸಾಧ್ಯತೆಯೇ ಇರುವುದಿಲ್ಲ. ಉಳಿದ ಹತ್ತರಲ್ಲಿ ಮೊದಲು ತೆಗೆದುಕೊಂಡಿರುವುದು ಜಾಹೀರಾತು ಖರ್ಚು ಮತ್ತು ಹೊಸ ಸೇರ್ಪಡೆಗಳ ನಕ್ಷೆ. ಅದರಲ್ಲಿ ಎರಡೂ ಗೆರೆಗಳು ಒಟ್ಟಿಗೆ ಇಳಿಯುತ್ತಿವೆ. ಖರ್ಚು ಕಡಿಮೆಯಾದದ್ದರಿಂದಲೇ ಸೇರ್ಪಡೆ ಕುಸಿಯಿತು ಎಂದು ನಾನು ಮೇಲೆ ಸೂಚಿಸಿದ್ದೂ ಸದ್ಯಕ್ಕೆ ಆ ಎರಡು ಇಳಿಜಾರುಗಳ ಬಲದ ಮೇಲೆಯೇ ನಿಂತಿದೆ. ಅದನ್ನು ಖರ್ಚು ಇಳಿಸಿದ ಪ್ರದೇಶಗಳು, ಇಳಿಸದ ಪ್ರದೇಶಗಳು ಎಂದು ಒಡೆದು ನೋಡುವ ಕೆಲಸ ನಡೆಯುತ್ತಿದೆ.